ಫೋನಿನಿಂದ ಟಿವಿಗೆ: ಕಾಸ್ಟ್ ಯಾವಾಗ, ಮಿರರಿಂಗ್ ಯಾವಾಗ

ಫೋನಿನಲ್ಲಿರುವುದನ್ನು ತಂತಿಯಿಲ್ಲದೆ ಟಿವಿಯಲ್ಲಿ ತೋರಿಸಲು ಎರಡು ದಾರಿಗಳಿವೆ. ಒಂದು ಕಾಸ್ಟ್ ಮಾಡುವುದು, ಇನ್ನೊಂದು ಮಿರರಿಂಗ್. ನೋಡುವವರಿಗೆ ಎರಡೂ ಒಂದೇ ಅನಿಸುತ್ತವೆ. ಅಂಗೈಯಲ್ಲಿದ್ದ ವಿಡಿಯೊ ಗೋಡೆಯ ಮೇಲಿನ ಟಿವಿಯಲ್ಲಿ ಮೂಡಿದರೆ ಸಾಕು. ಆದರೆ ಒಳಗೆ ನಡೆಯುವ ಕೆಲಸ ಪೂರ್ತಿ ಬೇರೆ. ಕಾಸ್ಟ್ ಮಾಡಿದಾಗ ಫೋನು ಟಿವಿಗೆ ಚಿತ್ರವನ್ನು ಕಳಿಸುವುದೇ ಇಲ್ಲ. ಯಾವ ವಿಡಿಯೊ, ಅದು ಎಲ್ಲಿದೆ, ಎಷ್ಟನೇ ನಿಮಿಷದಿಂದ ಶುರುವಾಗಬೇಕು ಎಂಬುದನ್ನಷ್ಟೇ ತಿಳಿಸುತ್ತದೆ. ಟಿವಿ ತಾನೇ ಇಂಟರ್ನೆಟ್ಟಿಗೆ ಹೋಗಿ ಆ ವಿಡಿಯೊವನ್ನು ತಂದುಕೊಳ್ಳುತ್ತದೆ. ಮಿರರಿಂಗ್‌ನಲ್ಲಿ ಹಾಗಲ್ಲ. ಫೋನಿನ ಪರದೆಯ ಮೇಲೆ ಕಾಣುವ ಪ್ರತಿಯೊಂದನ್ನೂ ಫೋನೇ ಕ್ಷಣಕ್ಷಣಕ್ಕೂ ವಿಡಿಯೊ ಮಾಡಿ ಟಿವಿಗೆ ಕಳಿಸುತ್ತಿರುತ್ತದೆ. ನೆಂಟರಿಗೆ ಹೋಟೆಲಿನ ವಿಳಾಸ ಹೇಳಿ ಕಳಿಸುವುದಕ್ಕೂ, ಊಟವನ್ನು ತಾವೇ ಕಟ್ಟಿಸಿಕೊಂಡು ಹೋಗಿ ಬಡಿಸುವುದಕ್ಕೂ ಇರುವಷ್ಟು ಅಂತರ ಇಲ್ಲಿದೆ.

ತಮ್ಮ ಮನೆಯಲ್ಲಿ ನಡೆಯುತ್ತಿರುವುದು ಯಾವುದು ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಟಿವಿಯಲ್ಲಿ ವಿಡಿಯೊ ಓಡುತ್ತಿರುವಾಗ ಫೋನಿನ ಪವರ್ ಬಟನ್ ಒತ್ತಿ ಪರದೆ ಆರಿಸಬೇಕು. ವಿಡಿಯೊ ಏನೂ ಆಗದಂತೆ ಮುಂದುವರಿದರೆ ಅದು ಕಾಸ್ಟ್. ನಿಂತರೆ ಅಥವಾ ಟಿವಿ ಕಪ್ಪಾದರೆ ಅದು ಮಿರರಿಂಗ್. ಈ ಪರೀಕ್ಷೆ ಬೇಕಾಗುವುದು ಹೆಸರುಗಳ ಗೊಂದಲದಿಂದ. ಸ್ಯಾಮ್‌ಸಂಗ್ ಫೋನುಗಳಲ್ಲಿ ಮಿರರಿಂಗ್ ಗುಂಡಿಯ ಹೆಸರು Smart View. ರೆಡ್ಮಿ, ಶಿಯೋಮಿ ಫೋನುಗಳಲ್ಲಿ ಅದೇ ಕೆಲಸಕ್ಕೆ Cast ಎಂದೇ ಹೆಸರು. ಒಪ್ಪೊ, ರಿಯಲ್‌ಮಿಗಳಲ್ಲಿ Screencast. ಗುಂಡಿಯ ಮೇಲೆ ಏನು ಬರೆದಿದೆ ಎಂಬುದನ್ನು ನಂಬಿ ಕೂತರೆ ದಾರಿ ತಪ್ಪುತ್ತದೆ. ಚಿತ್ರವನ್ನು ತರುತ್ತಿರುವುದು ಫೋನೋ ಟಿವಿಯೋ ಎಂಬುದು ತಿಳಿದರೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ತಾನಾಗಿ ಅರ್ಥವಾಗುತ್ತವೆ.

ಕಾಸ್ಟ್ ಎಂಬುದು ಮನೆಮಾತಾದದ್ದು ಗೂಗಲ್ 2013ರಲ್ಲಿ ಕ್ರೋಮ್‌ಕಾಸ್ಟ್ ಎಂಬ ಪುಟ್ಟ ಉಪಕರಣವನ್ನು ಮಾರುಕಟ್ಟೆಗೆ ತಂದ ಮೇಲೆ. ಟಿವಿಯ ಹಿಂದಿನ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಆ ಕಡ್ಡಿಗೆ ರಿಮೋಟ್ ಇರಲಿಲ್ಲ. ಫೋನೇ ಅದರ ರಿಮೋಟ್. ಈಗ ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿ ಎಂದು ಮಾರಾಟವಾಗುವ ಟಿವಿಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತದೆ. ಯೂಟ್ಯೂಬಿನಂಥ ಆ್ಯಪ್ ತೆರೆದಾಗ ಮೇಲ್ಭಾಗದಲ್ಲಿ ಚೌಕಟ್ಟಿನ ಮೂಲೆಯಿಂದ ಮೂರು ಅಲೆ ಎದ್ದಂತಿರುವ ಚಿಹ್ನೆ ಕಾಣುತ್ತದಲ್ಲ, ಅದೇ ಕಾಸ್ಟ್ ಗುಂಡಿ. ಅದನ್ನು ಒತ್ತಿದರೆ ಮನೆಯ ವೈಫೈಯಲ್ಲಿರುವ ಟಿವಿಗಳ ಹೆಸರು ಬರುತ್ತದೆ. ಬೇಕಾದ ಟಿವಿಯನ್ನು ಆರಿಸಿದ ಕೂಡಲೇ ಫೋನು ವಿಡಿಯೊದ ಗುರುತನ್ನು ಅದಕ್ಕೆ ದಾಟಿಸಿ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಫೋನಿನಲ್ಲಿ ಮಾತಾಡಬಹುದು, ಸಂದೇಶ ಕಳಿಸಬಹುದು, ಪರದೆ ಆರಿಸಿ ಜೇಬಿಗೆ ಹಾಕಿಕೊಳ್ಳಬಹುದು. ಬ್ಯಾಟರಿ ಹೆಚ್ಚು ಖರ್ಚಾಗುವುದಿಲ್ಲ. ಚಿತ್ರವೂ ಟಿವಿಯ ಶಕ್ತಿಗೆ ತಕ್ಕಂತೆ ಸ್ಪಷ್ಟವಾಗಿರುತ್ತದೆ, ಏಕೆಂದರೆ ಅದು ಫೋನಿನ ಮೂಲಕ ಹಾದು ಬರುತ್ತಿಲ್ಲ.

ಈ ಅನುಕೂಲಕ್ಕೆ ಬೆಲೆಯೂ ಇದೆ. ಟಿವಿಗೆ ಇಂಟರ್ನೆಟ್ ಇಲ್ಲದಿದ್ದರೆ ಕಾಸ್ಟ್ ನಡೆಯುವುದಿಲ್ಲ. ಫೋನಿನಲ್ಲಿ ಸಿಮ್‌ನ ಡೇಟಾ ಎಷ್ಟೇ ಇದ್ದರೂ ಅದು ಟಿವಿಯ ಕೆಲಸಕ್ಕೆ ಬಾರದು. ಈ ವ್ಯವಸ್ಥೆ ಹೊರಗಿನ ಜಗತ್ತನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು 2025ರ ಮಾರ್ಚ್‌ನಲ್ಲಿ ಕಂಡಿತು. ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಲೋಕದಾದ್ಯಂತ ಒಮ್ಮೆಗೇ ಕೆಲಸ ನಿಲ್ಲಿಸಿದವು. ಉಪಕರಣ ಅಸಲಿಯೇ ಎಂದು ಫೋನು ಪರೀಕ್ಷಿಸಲು ಬಳಸುವ ಡಿಜಿಟಲ್ ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದಿತ್ತು. ಯಂತ್ರ ಚೆನ್ನಾಗಿದೆ, ವೈಫೈ ಚೆನ್ನಾಗಿದೆ, ಆದರೂ ಫೋನು ಅದನ್ನು ನಂಬಲು ಒಪ್ಪುತ್ತಿಲ್ಲ. ಗೂಗಲ್ ಕೆಲವು ದಿನಗಳಲ್ಲಿ ಹೊಸ ತಂತ್ರಾಂಶ ಕಳಿಸಿ ಸರಿಪಡಿಸಿತು. ಆದರೆ ಅಷ್ಟರಲ್ಲಿ ಉಪಕರಣವನ್ನು ಮೊದಲ ಸ್ಥಿತಿಗೆ ಅಳಿಸಿಹಾಕಿದ್ದವರಿಗೆ ಮತ್ತೆ ಜೋಡಿಸಿಕೊಳ್ಳುವುದು ಇನ್ನಷ್ಟು ಕಷ್ಟವಾಯಿತು. ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಏಕಾಏಕಿ ಕೆಟ್ಟರೆ ಮೊದಲೇ ಎಲ್ಲವನ್ನೂ ರೀಸೆಟ್ ಮಾಡಬಾರದು ಎನ್ನುವುದು ಇದಕ್ಕಾಗಿ.

ಮಿರರಿಂಗ್‌ನ ಬೇರು ಬೇರೆಡೆ ಇದೆ. ವೈಫೈ ಉಪಕರಣಗಳ ಮಾನದಂಡ ರೂಪಿಸುವ ವೈಫೈ ಅಲಯನ್ಸ್ ಸಂಸ್ಥೆ 2012ರಲ್ಲಿ ಮಿರಾಕಾಸ್ಟ್ ಎಂಬ ಪದ್ಧತಿಯನ್ನು ತಂದಿತು. ಇದರಲ್ಲಿ ಫೋನು ಮತ್ತು ಟಿವಿ ನಡುವೆ ರೂಟರ್ ಬೇಕಿಲ್ಲ. ಎರಡೂ ತಮ್ಮೊಳಗೇ ನೇರವಾಗಿ ವೈಫೈ ಸಂಪರ್ಕ ಕಟ್ಟಿಕೊಳ್ಳುತ್ತವೆ. ಇಂಟರ್ನೆಟ್ ಅಂತೂ ಬೇಕೇ ಇಲ್ಲ. ಫೋನಿನಲ್ಲಿ ಇಳಿಸಿಟ್ಟ ವಿಡಿಯೊ, ಗ್ಯಾಲರಿಯ ಫೋಟೊ, ಪಾಠದ ಸ್ಲೈಡು, ವಾಟ್ಸ್‌ಆ್ಯಪ್‌ನಲ್ಲಿ ಬಂದ ತುಣುಕು, ಏನಿದ್ದರೂ ನೆಟ್‌ವರ್ಕ್ ಸಿಗದ ಊರಿನಲ್ಲಿಯೂ ತೋರಿಸಬಹುದು. ಅದಕ್ಕೆ ಪ್ರತಿಯಾಗಿ ಫೋನು ಬಿಡುವಿಲ್ಲದೆ ದುಡಿಯಬೇಕು. ಪರದೆ ಉರಿಯುತ್ತಲೇ ಇರಬೇಕು, ಚಿತ್ರವನ್ನು ಕುಗ್ಗಿಸಿ ಕಳಿಸುತ್ತಲೇ ಇರಬೇಕು. ಅರ್ಧ ಗಂಟೆಯಲ್ಲಿ ಫೋನು ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಸಹಜ. ಫೋನಿನಲ್ಲಿ ಬೆರಳಾಡಿಸಿದ್ದು ಟಿವಿಯಲ್ಲಿ ಕಾಣಲು ಒಂದಿಷ್ಟು ತಡವಾಗುತ್ತದೆ. ಸ್ಲೈಡು ತಿರುವುವಾಗ ಅದು ಗೊತ್ತೇ ಆಗದು. ಆಟ ಆಡಲು ಹೋದರೆ ಆ ತಡವೇ ಸೋಲಿಸುತ್ತದೆ.

ಎಲ್ಲ ಫೋನುಗಳೂ ಎಲ್ಲ ಟಿವಿಗಳೂ ಮಿರಾಕಾಸ್ಟ್ ಬಲ್ಲವು ಎಂದುಕೊಳ್ಳಬಾರದು. ಐಫೋನಿನಲ್ಲಿ ಅದು ಇಲ್ಲ. ಆ್ಯಪಲ್‌ನದು ಏರ್‌ಪ್ಲೇ ಎಂಬ ತನ್ನದೇ ಪದ್ಧತಿ. ಅದಕ್ಕೆ ಆ್ಯಪಲ್ ಟಿವಿ ಪೆಟ್ಟಿಗೆ ಬೇಕು, ಇಲ್ಲವೇ ಏರ್‌ಪ್ಲೇ ಒಳಗೊಂಡ ಟಿವಿ ಬೇಕು. 2019ರಿಂದ ಸ್ಯಾಮ್‌ಸಂಗ್, ಎಲ್‌ಜಿ, ಸೋನಿಗಳ ಹಲವು ಟಿವಿಗಳಲ್ಲಿ ಇದು ಬರುತ್ತಿದೆ. ಗೂಗಲ್‌ನ ಪಿಕ್ಸೆಲ್ ಫೋನುಗಳೂ ಮಿರಾಕಾಸ್ಟ್ ಬಿಟ್ಟು ಗೂಗಲ್‌ನ ಸ್ವಂತ ಪದ್ಧತಿಯಲ್ಲೇ ಪರದೆ ಕಳಿಸುತ್ತವೆ. ಟಿವಿಯ ಕಡೆಯಲ್ಲೂ ಹೆಸರು ಬೇರೆ ಬೇರೆ. ಎಲ್‌ಜಿಯಲ್ಲಿ Screen Share, ಫೈರ್ ಟಿವಿ ಕಡ್ಡಿಯಲ್ಲಿ Display Mirroring, ಅಗ್ಗದ ಟಿವಿಗಳಲ್ಲಿ ನೇರವಾಗಿ Miracast ಎಂಬ ಆ್ಯಪ್. ಟಿವಿ ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ತಮ್ಮ ಫೋನನ್ನು ಜೋಡಿಸಿ ನೋಡುವುದು ಪೆಟ್ಟಿಗೆಯ ಮೇಲಿನ ಬರಹ ಓದುವುದಕ್ಕಿಂತ ನಂಬಿಕಸ್ತ.

ಮನೆಮಂದಿಯೆಲ್ಲ ಕೂತು ನೋಡುವ ಸಂದರ್ಭವನ್ನು ಮೊದಲು ನೋಡಬಹುದು. ಊರಿನಲ್ಲಿ ನಡೆಯುವ ಮದುವೆಯನ್ನು ವಿಡಿಯೊಗ್ರಾಫರ್ ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿ, ಅದರ ಲಿಂಕನ್ನು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಈಗ ಸಾಮಾನ್ಯ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗಳ ಸಂಸಾರ ಅದನ್ನು ದೊಡ್ಡ ಪರದೆಯಲ್ಲಿ ನೋಡಬೇಕು. ಇಲ್ಲಿ ಮಿರರಿಂಗ್ ಮಾಡಿದರೆ ಮೂರು ಗಂಟೆ ಫೋನು ಉರಿಯುತ್ತಿರಬೇಕು, ಮಧ್ಯೆ ಊರಿನಿಂದ ಕರೆ ಬಂದರೆ ಮುಹೂರ್ತವೇ ತಪ್ಪಿಹೋಗುತ್ತದೆ. ಕಾಸ್ಟ್ ಮಾಡಿದರೆ ಕರೆಯಲ್ಲಿ ಮಾತಾಡುತ್ತಲೇ ತಾಳಿ ಕಟ್ಟುವುದನ್ನೂ ನೋಡಬಹುದು. ಮಾಡಬೇಕಾದದ್ದು ಇಷ್ಟೇ: ವಾಟ್ಸ್‌ಆ್ಯಪ್‌ನ ಲಿಂಕನ್ನು ಒತ್ತಿದಾಗ ಅದು ಬ್ರೌಸರಿನಲ್ಲಿ ಅಲ್ಲದೆ ಯೂಟ್ಯೂಬ್ ಆ್ಯಪಿನಲ್ಲೇ ತೆರೆಯಬೇಕು. ಆಗ ವಿಡಿಯೊದ ಮೇಲೊಮ್ಮೆ ತಟ್ಟಿದರೆ ಕಾಸ್ಟ್ ಚಿಹ್ನೆ ಕಾಣುತ್ತದೆ.

ಕಾಣದಿದ್ದರೆ? ಮನೆಗಳಲ್ಲಿ ಅತಿ ಹೆಚ್ಚು ಬರುವ ದೂರು ಇದೇ. ಕಾರಣ ಬಹುತೇಕ ಒಂದೇ ಜಾತಿಯದು: ಫೋನು ಮತ್ತು ಟಿವಿ ಒಂದನ್ನೊಂದು ನೋಡುತ್ತಿಲ್ಲ. ಫೋನು ವೈಫೈ ಬಿಟ್ಟು ಸಿಮ್‌ನ ಡೇಟಾದ ಮೇಲೆ ಓಡುತ್ತಿರಬಹುದು. ಅಥವಾ ಟಿವಿ ಮನೆಯ ವೈಫೈಯಲ್ಲಿ, ಫೋನು ಅತಿಥಿಗಳಿಗೆಂದು ಬೇರೆ ಮಾಡಿದ ವೈಫೈಯಲ್ಲಿ ಇರಬಹುದು. ಫೋನಿನಲ್ಲಿ ವಿಪಿಎನ್ ಚಾಲೂ ಇದ್ದರೂ ಹೀಗಾಗುತ್ತದೆ. ಐಫೋನಿನಲ್ಲಿ ಇನ್ನೊಂದು ಬಲೆಯಿದೆ. 2020ರಲ್ಲಿ ಬಂದ ಐಒಎಸ್ 14ರಿಂದ ಈಚೆಗೆ ಪ್ರತಿ ಆ್ಯಪೂ ಮನೆಯ ಜಾಲದಲ್ಲಿರುವ ಬೇರೆ ಉಪಕರಣಗಳನ್ನು ಹುಡುಕಲು ಅನುಮತಿ ಕೇಳಬೇಕು. ಆ ಪ್ರಶ್ನೆ ಬಂದಾಗ ಏನೆಂದು ತಿಳಿಯದೆ ಬೇಡ ಎಂದವರಿಗೆ ಟಿವಿ ಮತ್ತೆ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಹೆಸರಿಗೆ ಹೋಗಿ Local Network ಎಂಬುದನ್ನು ಚಾಲೂ ಮಾಡಿದರೆ ಸರಿಹೋಗುತ್ತದೆ.

ಹಾಸ್ಟೆಲು, ಹೋಟೆಲು, ಕಾಲೇಜುಗಳ ವೈಫೈಯಲ್ಲಿ ಎಲ್ಲ ಸರಿಯಿದ್ದೂ ಟಿವಿ ಸಿಗದಿರುವುದು ಬೇರೆ ವಿಷಯ. ಅಲ್ಲಿ ಒಬ್ಬರ ಉಪಕರಣ ಮತ್ತೊಬ್ಬರಿಗೆ ಕಾಣಬಾರದೆಂದು ರೂಟರಿನಲ್ಲೇ ಬೇಲಿ ಹಾಕಿರುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ, ಅದನ್ನು ಮುರಿಯಲು ಹೋಗಬಾರದು. ಯೂಟ್ಯೂಬಿಗೆ ಮಾತ್ರ ಅಲ್ಲೊಂದು ನೇರ ದಾರಿಯಿದೆ. ಟಿವಿಯ ಯೂಟ್ಯೂಬ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ Link with TV code ಎಂಬುದನ್ನು ಆರಿಸಿದರೆ ಅಂಕಿಗಳ ಉದ್ದನೆಯ ಸಂಕೇತವೊಂದು ಮೂಡುತ್ತದೆ. ಅದನ್ನು ಫೋನಿನ ಯೂಟ್ಯೂಬ್ ಆ್ಯಪಿನಲ್ಲಿ Watch on TV ಎಂಬಲ್ಲಿ ಬರೆದರೆ ಎರಡೂ ಯೂಟ್ಯೂಬಿನ ಸರ್ವರ್ ಮೂಲಕ ಜೊತೆಯಾಗುತ್ತವೆ. ಫೋನು ಸಿಮ್‌ನ ಡೇಟಾದಲ್ಲಿದ್ದರೂ, ಟಿವಿ ಬೇರೆ ವೈಫೈಯಲ್ಲಿದ್ದರೂ ಅಡ್ಡಿಯಿಲ್ಲ. ಒಮ್ಮೆ ಜೋಡಿಸಿದ ಮೇಲೆ ಆ ಟಿವಿಯ ಹೆಸರು ಫೋನಿನಲ್ಲಿ ಉಳಿಯುತ್ತದೆ.

ಮನೆಯಲ್ಲಿ ವೈಫೈ ಇಲ್ಲದವರು ಇನ್ನೊಂದು ಫೋನಿನ ಹಾಟ್‌ಸ್ಪಾಟಿಗೆ ಟಿವಿಯನ್ನು ಸೇರಿಸಿ ಕಾಸ್ಟ್ ಮಾಡುವುದುಂಟು. ಅಲ್ಲಿ ಎಚ್ಚರ ಬೇಕಾದದ್ದು ಡೇಟಾದ ಬಗ್ಗೆ. ಫೋನಿನ ಪುಟ್ಟ ಪರದೆಯಲ್ಲಿ ನೋಡುವಾಗ ಯೂಟ್ಯೂಬು ಕಡಿಮೆ ಗುಣಮಟ್ಟದಲ್ಲಿ ಸುಧಾರಿಸಿಕೊಳ್ಳುತ್ತದೆ. ಅದೇ ವಿಡಿಯೊವನ್ನು ಟಿವಿ ತಂದುಕೊಳ್ಳುವಾಗ ತನ್ನ ದೊಡ್ಡ ಪರದೆಗೆ ತಕ್ಕ ಗುಣಮಟ್ಟ ಕೇಳುತ್ತದೆ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದ ಪ್ರಕಾರ ಹೈ ಡೆಫಿನಿಷನ್ ಚಿತ್ರಕ್ಕೆ ಗಂಟೆಗೆ 3 ಜಿಬಿವರೆಗೂ, 4ಕೆ ಚಿತ್ರಕ್ಕೆ 7 ಜಿಬಿವರೆಗೂ ಬೇಕು. ದಿನಕ್ಕೆ ಒಂದೂವರೆ ಜಿಬಿ ಸಿಗುವ ಸಿಮ್ ಅರ್ಧ ಗಂಟೆಯಲ್ಲಿ ಬರಿದಾಗುತ್ತದೆ. ಹಾಗಾಗಿ ಹಾಟ್‌ಸ್ಪಾಟಿನಲ್ಲಿ ನೋಡುವವರು ವಿಡಿಯೊ ಶುರುವಾದ ಕೂಡಲೇ ಗುಣಮಟ್ಟವನ್ನು 480ಕ್ಕೋ 720ಕ್ಕೋ ಇಳಿಸುವುದು ಲೇಸು. ಮಿರರಿಂಗ್‌ನಲ್ಲಿ ಈ ಸಮಸ್ಯೆಯಿಲ್ಲ. ಫೋನಿನಿಂದ ಟಿವಿಗೆ ಹೋಗುವ ಚಿತ್ರ ಕೋಣೆಯೊಳಗಿನ ವೈಫೈ ಸಂಪರ್ಕದಲ್ಲೇ ಸಾಗುತ್ತದೆ, ಅದಕ್ಕೆ ಡೇಟಾ ಖರ್ಚಿಲ್ಲ. ಫೋನು ತನಗಾಗಿ ತಂದುಕೊಂಡದ್ದಷ್ಟೇ ಲೆಕ್ಕಕ್ಕೆ ಬರುತ್ತದೆ.

ಹಣ ಕೊಟ್ಟು ನೋಡುವ ಸಿನಿಮಾ ಆ್ಯಪ್‌ಗಳನ್ನು ಮಿರರಿಂಗ್ ಮಾಡಲು ಹೊರಟವರಿಗೆ ಎದುರಾಗುವುದು ಕಪ್ಪು ಪರದೆ. ಮಾತು ಕೇಳುತ್ತದೆ, ಕೆಲವೊಮ್ಮೆ ಅಡಿಬರಹವೂ ಕಾಣುತ್ತದೆ, ಚಿತ್ರ ಮಾತ್ರ ಇಲ್ಲ. ಇದು ಫೋನಿನ ದೋಷವೂ ಅಲ್ಲ, ಟಿವಿಯದೂ ಅಲ್ಲ. ನಕಲು ಮಾಡಬಾರದೆಂದು ಆ್ಯಪ್ ತನ್ನ ಚಿತ್ರವನ್ನು ಪರದೆಯ ಪ್ರತಿಯಿಂದ ಮರೆಮಾಡಿರುತ್ತದೆ. ಬ್ಯಾಂಕು, ಯುಪಿಐ ಆ್ಯಪ್‌ಗಳಲ್ಲಿ ಹಲವು ಇದೇ ಉಪಾಯ ಬಳಸುತ್ತವೆ. ಅಂಥ ಸಿನಿಮಾವನ್ನು ನೋಡಲು ಟಿವಿಯಲ್ಲಿಯೇ ಆ ಆ್ಯಪ್ ಹಾಕಿಕೊಳ್ಳಬೇಕು, ಅಥವಾ ಆ್ಯಪಿನೊಳಗಿನ ಕಾಸ್ಟ್ ಗುಂಡಿ ಇದ್ದರೆ ಅದನ್ನು ಒತ್ತಬೇಕು. ಈ ತಡೆಯನ್ನು ದಾಟಿಸುತ್ತೇವೆ ಎಂದು ಹೇಳಿಕೊಳ್ಳುವ ಬಿಟ್ಟಿ ಆ್ಯಪ್‌ಗಳನ್ನು ಇಳಿಸಿಕೊಳ್ಳುವುದು ಅಪಾಯ. ಫೋನಿನ ಪರದೆಯನ್ನೆಲ್ಲ ನೋಡುವ ಅನುಮತಿಯನ್ನು ಗುರುತಿಲ್ಲದವರಿಗೆ ಕೊಟ್ಟಂತಾಗುತ್ತದೆ.

ಮದುವೆಯ ಪೂರ್ತಿ ವಿಡಿಯೊ ಕೈಗೆ ಬಂದಾಗ, ನಿಜ ಹೇಳಬೇಕೆಂದರೆ, ಕಾಸ್ಟೂ ಬೇಡ ಮಿರರಿಂಗೂ ಬೇಡ. ಪೆನ್‌ಡ್ರೈವಿಗೆ ಹಾಕಿ ಟಿವಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವುದೇ ಸರಿಯಾದ ದಾರಿ. ಅಲ್ಲೊಂದು ಸಣ್ಣ ತೊಡಕಿದೆ. ಹಳೆಯ ಎಫ್‌ಎಟಿ32 ವಿಧಾನದಲ್ಲಿ ಸಿದ್ಧಮಾಡಿದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಹಿಡಿಸಿಕೊಳ್ಳುವುದಿಲ್ಲ, ಪೆನ್‌ಡ್ರೈವಿನಲ್ಲಿ ಜಾಗ ಎಷ್ಟೇ ಇರಲಿ. ಮೂರು ಗಂಟೆಯ ಮದುವೆ ವಿಡಿಯೊ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಆಗ ವಿಡಿಯೊಗ್ರಾಫರಿಗೆ ಹೇಳಿ ಫೈಲನ್ನು ತುಂಡು ಮಾಡಿಸಿಕೊಳ್ಳಬೇಕು, ಇಲ್ಲವೇ ಟಿವಿ ಓದಬಲ್ಲುದಾದರೆ ಎಕ್ಸ್‌ಫ್ಯಾಟ್ ವಿಧಾನದ ಪೆನ್‌ಡ್ರೈವ್ ಬಳಸಬೇಕು.

ಮಿರರಿಂಗ್‌ಗೆ ಸರಿಸಾಟಿಯಿಲ್ಲದ ಜಾಗವೆಂದರೆ ತರಗತಿ ಮತ್ತು ಸಭೆ. ಇಂಟರ್ನೆಟ್ ಇಲ್ಲದ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ 43 ಇಂಚಿನ ಟಿವಿ ಇದೆ, ಕೊನೆಯ ಬೆಂಚು ಟಿವಿಯಿಂದ 6 ಮೀಟರ್ ದೂರದಲ್ಲಿದೆ, ಶಿಕ್ಷಕಿಯ ಫೋನಿನಲ್ಲಿ ಪಾಠದ ಸ್ಲೈಡುಗಳಿವೆ ಎಂದಿಟ್ಟುಕೊಂಡು ಲೆಕ್ಕ ಹಾಕಬಹುದು.

ಜೋಡಿಸುವುದು ಕಷ್ಟವಲ್ಲ. ಮೊದಲು ಟಿವಿಯಲ್ಲಿ ಮಿರರಿಂಗ್ ಆ್ಯಪ್ ತೆರೆದು ಅದು ಕಾಯುವಂತೆ ಮಾಡಬೇಕು. ಆಮೇಲೆ ಫೋನಿನ ವೈಫೈ ಚಾಲೂ ಮಾಡಬೇಕು. ಯಾವ ರೂಟರಿಗೂ ಸೇರಬೇಕಿಲ್ಲ, ಆದರೆ ವೈಫೈ ಆರಿರಬಾರದು. ಪರದೆಯ ಮೇಲಿನಿಂದ ಕೆಳಗೆ ಎಳೆದಾಗ ಬರುವ ಗುಂಡಿಗಳಲ್ಲಿ ಮಿರರಿಂಗ್‌ನದನ್ನು ಒತ್ತಿದರೆ ಟಿವಿಯ ಹೆಸರು ಬರುತ್ತದೆ. ಟಿವಿ ಒಪ್ಪಿಗೆ ಕೇಳಿದರೆ ರಿಮೋಟಿನಿಂದ ಕೊಡಬೇಕು. ಫೋನನ್ನು ಅಡ್ಡ ಹಿಡಿದು ಸ್ಲೈಡು ತೆರೆದರಾಯಿತು.

ಅಡ್ಡ ಹಿಡಿಯುವುದು ಏಕೆ ಮುಖ್ಯ ಎಂಬುದಕ್ಕೆ ಸರಳ ಗಣಿತ ಸಾಕು. ಟಿವಿಯ ಪರದೆ 16:9ರ ಅಳತೆಯದು. ಈಗಿನ ಫೋನುಗಳು ಹೆಚ್ಚಾಗಿ 20:9ರ ಆಸುಪಾಸಿನವು, ಅಂದರೆ ಇನ್ನೂ ಉದ್ದ. ಫೋನನ್ನು ನೆಟ್ಟಗೆ ಹಿಡಿದರೆ ಚಿತ್ರ ಟಿವಿಯ ಅಗಲದಲ್ಲಿ ಕಾಲುಭಾಗದಷ್ಟು ಮಾತ್ರ ಆವರಿಸುತ್ತದೆ, ಉಳಿದ ಮುಕ್ಕಾಲು ಬರೀ ಕಪ್ಪು. ಅಡ್ಡ ಹಿಡಿದರೆ ಅಗಲ ಪೂರ್ತಿ ತುಂಬುತ್ತದೆ, ಎತ್ತರದಲ್ಲಿ ಶೇಕಡ 80ರಷ್ಟು ಸಿಗುತ್ತದೆ. ಆದರೆ ಸ್ಲೈಡಿನ ಅಳತೆಯೂ 16:9. ಅದು ಫೋನಿನ ಅಡ್ಡ ಪರದೆಯಲ್ಲಿ ಕೂರುವಾಗ ಎಡಬಲದಲ್ಲಿ ಕಪ್ಪು ಪಟ್ಟಿ ಬಿಡುತ್ತದೆ. ಆ ಫೋನಿನ ಪರದೆ ಟಿವಿಗೆ ಹೋದಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬೀಳುತ್ತದೆ. ಎರಡೂ ಸೇರಿ ಸ್ಲೈಡಿನ ಸುತ್ತ ನಾಲ್ಕೂ ಕಡೆ ಕಪ್ಪು ಅಂಚು. ಸ್ಲೈಡಿಗೆ ಉಳಿಯುವುದು ಟಿವಿಯ ಅಗಲದ ಮತ್ತು ಎತ್ತರದ ಶೇಕಡ 80 ಮಾತ್ರ. 43 ಇಂಚಿನ ಟಿವಿ ಸ್ಲೈಡಿನ ಪಾಲಿಗೆ 34 ಇಂಚಿನದಾಯಿತು.

ಈಗ ಅಕ್ಷರದ ಗಾತ್ರಕ್ಕೆ ಬರಬಹುದು. 43 ಇಂಚಿನ ಟಿವಿಯ ಪರದೆಯ ಎತ್ತರ ಸುಮಾರು 53 ಸೆಂಟಿಮೀಟರ್. ಅದರಲ್ಲಿ ಸ್ಲೈಡಿಗೆ ಸಿಗುವುದು 43 ಸೆಂಟಿಮೀಟರ್‌ನಷ್ಟು. ಪವರ್‌ಪಾಯಿಂಟ್ ಸ್ಲೈಡಿನ ಎತ್ತರ 540 ಪಾಯಿಂಟ್. ಹಾಗಾಗಿ 24 ಪಾಯಿಂಟ್‌ನ ಸಾಲಿಗೆ ಟಿವಿಯ ಮೇಲೆ ಸಿಗುವ ಜಾಗ ಎರಡು ಸೆಂಟಿಮೀಟರಿಗೂ ಕಡಿಮೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಬರುವುದರಿಂದ ಮೂಲ ಅಕ್ಷರಕ್ಕೆ ಆ ಜಾಗದಲ್ಲಿ ಸುಮಾರು ಅರ್ಧವಷ್ಟೇ ದಕ್ಕುತ್ತದೆ, ಎಂದರೆ ಒಂಬತ್ತು ಮಿಲಿಮೀಟರಿನಷ್ಟು. ಕಣ್ಣಿನ ಡಾಕ್ಟರರು 6 ಮೀಟರ್ ದೂರದಿಂದ ಓದಿಸುವ ಫಲಕದಲ್ಲಿ 6/6 ದೃಷ್ಟಿಯ ಸಾಲಿನ ಅಕ್ಷರವೂ ಸರಿಸುಮಾರು ಅಷ್ಟೇ. ಕೊನೆಯ ಬೆಂಚಿನ ಮಕ್ಕಳಿಗೆ ಪಾಠದ ಪ್ರತಿ ಸಾಲೂ ಕಣ್ಣಿನ ಪರೀಕ್ಷೆಯಾಗುತ್ತದೆ. ಒತ್ತಕ್ಷರ ಅದಕ್ಕಿಂತಲೂ ಸಣ್ಣದಾದ್ದರಿಂದ ಒಂದರ ಬದಲು ಇನ್ನೊಂದನ್ನು ಓದುವುದೂ ಉಂಟು. ಅಕ್ಷರವನ್ನು 44 ಪಾಯಿಂಟಿಗೆ ಏರಿಸಿದರೆ ಮೂಲ ಅಕ್ಷರ 17 ಮಿಲಿಮೀಟರಿನಷ್ಟಾಗಿ ನಿರಾಳವಾಗಿ ಓದಬಹುದು. ಆಗ ಒಂದು ಸ್ಲೈಡಿನಲ್ಲಿ ಐದಾರು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅಷ್ಟೇ ಸಾಕು, ಟಿವಿಯ ಮೇಲೆ ಪುಟಗಟ್ಟಲೆ ಪಠ್ಯ ಹಾಕುವುದಕ್ಕಿಂತ ಚಿತ್ರ, ನಕ್ಷೆ ಹಾಕಿ ಮಾತನ್ನು ಬಾಯಲ್ಲಿ ಹೇಳುವುದು ಮಕ್ಕಳಿಗೆ ಒಳ್ಳೆಯದು.

ಸುತ್ತಲಿನ ಕಪ್ಪು ಅಂಚನ್ನು ಕಡಿಮೆ ಮಾಡಲೂ ದಾರಿಯಿದೆ. ಕೆಲವು ಸ್ಯಾಮ್‌ಸಂಗ್ ಫೋನುಗಳ Smart View ಸೆಟ್ಟಿಂಗ್‌ನಲ್ಲಿ ಚಿತ್ರವನ್ನು ಫೋನಿನ ಅಳತೆಗೆ ಬದಲಾಗಿ ಟಿವಿಯ ಅಳತೆಗೆ ಹೊಂದಿಸುವ ಆಯ್ಕೆ ಇದೆ. ಅದಿಲ್ಲದಿದ್ದರೆ ಟಿವಿಯ ಚಿತ್ರದ ಅಳತೆಯಲ್ಲಿ ಝೂಮ್ ಸಿಗುತ್ತದೆಯೇ ನೋಡಬೇಕು. ಹಿಗ್ಗಿದಾಗ ಮೊದಲು ಹೊರಹೋಗುವುದು ಕಪ್ಪು ಅಂಚೇ ಆದ್ದರಿಂದ ಸ್ಲೈಡಿಗೆ ಹೆಚ್ಚು ನಷ್ಟವಿಲ್ಲ. ಇದಕ್ಕೆ ವಿರುದ್ಧದ ತೊಂದರೆಯೂ ಬರುತ್ತದೆ. ಕೆಲವು ಟಿವಿಗಳು ಹಳೆಯ ಪ್ರಸಾರಗಳ ರೂಢಿಯಂತೆ ಬಂದ ಚಿತ್ರವನ್ನೆಲ್ಲ ಸ್ವಲ್ಪ ಹಿಗ್ಗಿಸಿ ಅಂಚನ್ನು ಕತ್ತರಿಸುತ್ತವೆ. ಸಾಲಿನ ಮೊದಲ ಅಕ್ಷರ ಅರ್ಧ ಮಾಯವಾಗಿದ್ದರೆ ಕಾರಣ ಅದೇ. ಟಿವಿಯಲ್ಲಿ Just Scan, Fit to Screen ಎಂಬ ಹೆಸರಿನ ಆಯ್ಕೆ ಹಾಕಿದರೆ ಸರಿಯಾಗುತ್ತದೆ.

ಕನ್ನಡದ ಸ್ಲೈಡುಗಳಿಗೆ ಮಾತ್ರ ಬರುವ ಒಂದು ಅನಾಹುತವಿದೆ. ಶಾಲೆ, ಕಚೇರಿಗಳ ಕಂಪ್ಯೂಟರಿನಲ್ಲಿ ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ, ಎಂದರೆ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ತಯಾರಿಸಿದ ಸ್ಲೈಡು ಅಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದೇ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಫೋನಿನಲ್ಲಿ ತೆರೆದರೆ ಕನ್ನಡ ಎಂಬ ಪದ PÀ£ÀßqÀ ಎಂದು ಕಾಣಿಸುತ್ತದೆ. ಫೋನಿನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಅದು ಒಳಗಿನ ಸಂಕೇತಗಳನ್ನು ಇದ್ದಂತೆಯೇ ತೋರಿಸುತ್ತದೆ. ತರಗತಿಯ ಮುಂದೆ ನಿಂತ ಮೇಲೆ ಇದಕ್ಕೆ ಮದ್ದಿಲ್ಲ. ಕಂಪ್ಯೂಟರಿನಲ್ಲೇ ಆ ಫೈಲನ್ನು ಪಿಡಿಎಫ್ ಆಗಿ ಉಳಿಸಿದರೆ ಫಾಂಟು ಫೈಲಿನೊಳಗೇ ಸೇರಿಕೊಂಡು ಯಾವ ಫೋನಿನಲ್ಲೂ ಸರಿಯಾಗಿ ಕಾಣುತ್ತದೆ. ಹೊಸದಾಗಿ ತಯಾರಿಸುವವರು ಮೊದಲಿಂದಲೇ ಯುನಿಕೋಡ್‌ನಲ್ಲಿ ಬರೆಯುವುದು ಉತ್ತಮ. ಪಿಡಿಎಫ್‌ನಲ್ಲಿ ಸ್ಲೈಡಿನ ಚಲನೆ, ಸೇರಿಸಿದ ವಿಡಿಯೊ ಉಳಿಯುವುದಿಲ್ಲ ಎಂಬುದು ನೆನಪಿರಬೇಕು.

ಪಾಠದ ನಡುವೆ ಚಿತ್ರ ತಡೆತಡೆದು ಬರತೊಡಗಿದರೆ ಹೆಚ್ಚಿನವರು ಫೋನನ್ನು ಟಿವಿಯ ಹತ್ತಿರ ತರುತ್ತಾರೆ. ಅದು ಸರಿಯೇ, ನಡುವೆ ಗೋಡೆ, ಕಬ್ಬಿಣದ ಬೀರು ಇದ್ದರೆ ಸಂಕೇತ ಸೊರಗುತ್ತದೆ. ಆದರೆ ಹತ್ತಿರವಿದ್ದೂ ತಡೆಯುತ್ತಿದ್ದರೆ ಕಾರಣ ಹೆಚ್ಚಾಗಿ ಇನ್ನೊಂದು. ಫೋನು ಏಕಕಾಲಕ್ಕೆ ಎರಡು ಕಡೆ ವೈಫೈ ಮಾತಾಡುತ್ತಿರುತ್ತದೆ, ಇತ್ತ ಟಿವಿಯೊಂದಿಗೆ, ಅತ್ತ ರೂಟರಿನೊಂದಿಗೆ. ಎರಡೂ ಬೇರೆ ಬೇರೆ ಚಾನೆಲ್ಲಿನಲ್ಲಿದ್ದರೆ ಫೋನಿನ ರೇಡಿಯೊ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರಬೇಕಾಗುತ್ತದೆ, ಆ ಜಿಗಿತದಲ್ಲಿ ಚಿತ್ರದ ಚೂರುಗಳು ಕಳೆದುಹೋಗುತ್ತವೆ. ಇಂಟರ್ನೆಟ್ ಬೇಡದ ಪಾಠಕ್ಕಾದರೆ ವೈಫೈ ಚಾಲೂ ಇಟ್ಟುಕೊಂಡೇ ರೂಟರಿನ ಸಂಪರ್ಕ ಕಡಿದುಹಾಕಬಹುದು. ಇದರಿಂದ ಎಷ್ಟೋ ಸಲ ಚಿತ್ರ ತಕ್ಷಣ ಹದಕ್ಕೆ ಬರುತ್ತದೆ. 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಟಿವಿಗಳಲ್ಲಿ ಬ್ಲೂಟೂತ್ ಸ್ಪೀಕರ್, ಪಕ್ಕದ ಮನೆಗಳ ರೂಟರ್ ಎಲ್ಲವೂ ಅದೇ ದಾರಿಯಲ್ಲಿ ಓಡಾಡುವುದರಿಂದ ಗದ್ದಲ ಹೆಚ್ಚು. ಫೋನೂ ಟಿವಿಯೂ 5 ಗಿಗಾಹರ್ಟ್ಸ್ ಬಲ್ಲವಾದರೆ ಒಂದೇ ಕೋಣೆಯೊಳಗೆ ಚಿತ್ರ ಸರಾಗ.

ಮಿರರಿಂಗ್ ಮಾಡುವಾಗ ಫೋನಿನಲ್ಲಿ ಬರುವುದೆಲ್ಲ ಟಿವಿಯಲ್ಲೂ ಬರುತ್ತದೆ ಎಂಬುದನ್ನು ಮರೆಯಬಾರದು. ಬ್ಯಾಂಕಿನ ಒಟಿಪಿ, ಮನೆಯ ಜಗಳದ ಸಂದೇಶ, ವೈದ್ಯರ ವರದಿ, ಯಾವುದೂ ಬಿಡುವುದಿಲ್ಲ. ಶುರು ಮಾಡುವ ಮೊದಲು Do Not Disturb ಹಾಕಿ, ಸಂದೇಶದ ತುಣುಕು ಪರದೆಯ ಮೇಲೆ ಮೂಡದಂತೆ ಮಾಡಿಕೊಳ್ಳಬೇಕು. ಇಂಟರ್ನೆಟ್ ಬೇಡದಿದ್ದರೆ ಮೊಬೈಲ್ ಡೇಟಾ ಆರಿಸುವುದು ಇನ್ನೂ ಭದ್ರ. ಫೋಟೊ ತೋರಿಸುವಾಗ ಗ್ಯಾಲರಿಯನ್ನು ಟಿವಿಗೆ ಜೋಡಿಸುವ ಮೊದಲೇ ಬೇಕಾದ ಆಲ್ಬಮಿಗೆ ಹೋಗಿರಬೇಕು, ಇಲ್ಲದಿದ್ದರೆ ಹುಡುಕುವ ಭರದಲ್ಲಿ ತೋರಿಸಬಾರದ್ದನ್ನೂ ಎಲ್ಲರಿಗೂ ತೋರಿಸಿದಂತಾಗುತ್ತದೆ. ಪರದೆ ಆರುವ ಸಮಯವನ್ನು ಹತ್ತು ನಿಮಿಷಕ್ಕೆ ಏರಿಸಿ, ಫೋನಿಗೆ ಚಾರ್ಜರ್ ಹಾಕಿಟ್ಟರೆ ಮಾತಿನ ನಡುವೆ ಟಿವಿ ಕಪ್ಪಾಗುವುದಿಲ್ಲ.

ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಮುಜುಗರ ಕಾದಿರುತ್ತದೆ. ಮಿರಾಕಾಸ್ಟ್ ಸಂಪರ್ಕ ರೂಟರ್ ನೆಚ್ಚಿಕೊಂಡಿಲ್ಲವಾದ್ದರಿಂದ ಪಕ್ಕದ ಮನೆಯ ಟಿವಿಯೂ ಪಟ್ಟಿಯಲ್ಲಿ ಕಾಣಬಹುದು. ಒಂದೇ ಕಂಪನಿಯ ಎರಡು ಟಿವಿಗಳಿದ್ದರೆ ಹೆಸರೂ ಒಂದೇ ಇರುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಿಸಿ ಮನೆಯ ಗುರುತು ಸಿಗುವಂತೆ ಇಟ್ಟುಕೊಂಡರೆ ಚಿತ್ರ ತಪ್ಪು ಮನೆಗೆ ಹೋಗುವುದಿಲ್ಲ. ಹೊಸ ಫೋನು ಜೋಡಿಸಿಕೊಳ್ಳುವಾಗ ಪ್ರತಿಸಲವೂ ಒಪ್ಪಿಗೆ ಅಥವಾ ಪಿನ್ ಕೇಳುವಂತೆ ಟಿವಿಯಲ್ಲಿ ಹಾಕಿಡುವುದೂ ಬೇಕು. ಕಾಸ್ಟ್‌ನಲ್ಲಿ ತೊಂದರೆ ಒಳಗಿನವರದು. ಒಂದೇ ವೈಫೈಯಲ್ಲಿರುವ ಯಾರ ಫೋನಿನಿಂದ ಬೇಕಾದರೂ ಟಿವಿಯನ್ನು ಹಿಡಿಯಬಹುದು, ಅಜ್ಜಿಯ ಧಾರಾವಾಹಿ ಓಡುತ್ತಿರುವಾಗ ಮೊಮ್ಮಗನ ಕ್ರಿಕೆಟ್ ನುಗ್ಗಬಹುದು. ಬಂದುಹೋಗುವ ನೆಂಟರಿಗೆ ಅತಿಥಿ ವೈಫೈ ಕೊಟ್ಟರೆ ಅವರ ಫೋನುಗಳಿಗೆ ಟಿವಿ ಕಾಣುವುದಿಲ್ಲ.

ತಪ್ಪುವಂತೆಯೇ ಇಲ್ಲದ ಸಭೆಗೆ, ನೂರು ಜನ ಕೂತಿರುವ ಸಭಾಂಗಣಕ್ಕೆ, ತಂತಿಯೇ ಲೇಸು. ಸಿ ಟೈಪ್ ಕಿಂಡಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಹಾಕಿದರೆ ಚಿತ್ರವೂ ಧ್ವನಿಯೂ ತಡವಿಲ್ಲದೆ ಹೋಗುತ್ತವೆ, ವೈಫೈ ಗದ್ದಲ ತಟ್ಟುವುದಿಲ್ಲ. ಆದರೆ ಕೊಳ್ಳುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಬೇಕು. ಕಿಂಡಿಯ ಆಕಾರ ಒಂದೇ ಇದ್ದರೂ ಎಲ್ಲ ಫೋನುಗಳಿಂದಲೂ ಚಿತ್ರ ಹೊರಬರುವುದಿಲ್ಲ. ಡಿಸ್‌ಪ್ಲೇಪೋರ್ಟ್ ಎಂಬ ಸೌಲಭ್ಯ ಆ ಕಿಂಡಿಯಲ್ಲಿ ಇರಬೇಕು. ಸ್ಯಾಮ್‌ಸಂಗ್‌ನ ಎಸ್ ಸರಣಿಯ ಫೋನುಗಳಲ್ಲಿ, ಐಫೋನ್ 15 ಮತ್ತು ಆಮೇಲಿನವುಗಳಲ್ಲಿ ಇದೆ. ಹತ್ತು ಹದಿನೈದು ಸಾವಿರ ರೂಪಾಯಿಯ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳ ಕಿಂಡಿ ಚಾರ್ಜಿಗೂ ಫೈಲು ಸಾಗಿಸುವುದಕ್ಕೂ ಅಷ್ಟೇ. ಅಂಥ ಫೋನಿಗೆ ಎಂಥ ಅಡಾಪ್ಟರ್ ಹಾಕಿದರೂ ಟಿವಿ No Signal ಎನ್ನುತ್ತದೆ. ಅಡಾಪ್ಟರ್ ಕೆಟ್ಟಿದೆಯೆಂದು ಅಂಗಡಿಗೆ ಅಲೆಯುವ ಮೊದಲು ಫೋನಿನ ವಿವರಗಳ ಪಟ್ಟಿಯಲ್ಲಿ ಡಿಸ್‌ಪ್ಲೇಪೋರ್ಟ್ ಎಂದಿದೆಯೇ ನೋಡಬೇಕು. ಚಾರ್ಜರಿಗೂ ಒಂದು ಕಿಂಡಿ ಇರುವ ಅಡಾಪ್ಟರ್ ತೆಗೆದುಕೊಂಡರೆ ದೀರ್ಘ ಸಭೆಯಲ್ಲಿ ಬ್ಯಾಟರಿಯ ಚಿಂತೆಯಿಲ್ಲ.

ಕೆಲಸ ಮುಗಿದ ಮೇಲೆ ಟಿವಿಯನ್ನು ಆರಿಸಿದರೆ ಸಾಲದು, ಫೋನಿನಲ್ಲೇ ಸಂಪರ್ಕ ಕಡಿಯಬೇಕು. ಕಾಸ್ಟ್ ಆಗಿದ್ದರೆ ಅದೇ ಚಿಹ್ನೆಯನ್ನು ಮತ್ತೆ ಒತ್ತಿ ನಿಲ್ಲಿಸಬೇಕು. ಮಿರರಿಂಗ್ ಆಗಿದ್ದರೆ ಮೇಲಿನಿಂದ ಎಳೆದ ಪಟ್ಟಿಯಲ್ಲಿ Disconnect ಎಂಬುದು ಸಿಗುತ್ತದೆ. ಬೇರೆಯವರ ಟಿವಿಗೆ, ಬಾಡಿಗೆ ಸಭಾಂಗಣದ ಟಿವಿಗೆ ಜೋಡಿಸಿದ್ದವರು ಒಂದು ಹೆಜ್ಜೆ ಹೆಚ್ಚು ಹಾಕಬೇಕು. ಸ್ಯಾಮ್‌ಸಂಗ್ ಟಿವಿಗಳಲ್ಲಿ Device Connection Manager ಎಂಬ ಪಟ್ಟಿಯಲ್ಲಿ ಹಿಂದೆ ಒಪ್ಪಿಗೆ ಪಡೆದ ಫೋನುಗಳ ಹೆಸರೆಲ್ಲ ಇರುತ್ತವೆ. ಅಲ್ಲಿಂದ ತಮ್ಮ ಫೋನನ್ನು ಅಳಿಸಬೇಕು. ಟಿವಿಯ ಯೂಟ್ಯೂಬಿನಲ್ಲಿ ಸಂಕೇತ ಹಾಕಿ ಜೋಡಿಸಿದ್ದರೆ ಆ ಜೋಡಣೆಯನ್ನೂ ತೆಗೆದುಹಾಕಬೇಕು. ಆ ಸಭಾಂಗಣದಲ್ಲಿ ತಮ್ಮ ಖಾತೆಗೆ ಲಾಗಿನ್ ಆಗಿದ್ದರೆ ಅದರಿಂದಲೂ ಹೊರಬಂದೇ ಎದ್ದು ಹೋಗಬೇಕು.